ಗಡಿಯಾರದ ಬಲಭಾಗದಲ್ಲೇ ಹನ್ನೆರಡು ಅಂಕಿಗಳು: ಪಾರ್ಶ್ವವಾಯುವಿನ ನಂತರ ಎಡಬದಿ ಗಮನಕ್ಕೆ ಬಾರದಿರುವುದು

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಊರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಏಳು ವಾರದ ಹಿಂದೆ ಪಾರ್ಶ್ವವಾಯು ಆಯಿತು. ಮೆದುಳಿನ ಬಲಗಡೆಯ ಪರೈಟಲ್ ಭಾಗಕ್ಕೆ ಪೆಟ್ಟಾಗಿದೆ ಎಂದು ಎಂ.ಆರ್.ಐ. ವರದಿಯಲ್ಲಿದೆ. ಮಾತು ಚೆನ್ನಾಗಿದೆ, ಯಾರು ಎಷ್ಟು ಬಾಕಿ ಕೊಡಬೇಕು ಎಂಬುದೂ ನೆನಪಿದೆ, ಎಡಗೈ ಸ್ವಲ್ಪ ದುರ್ಬಲ. ಆದರೆ ತಟ್ಟೆಯ ಎಡಗಡೆಯ ಪಲ್ಯ ಮುಟ್ಟುವುದಿಲ್ಲ, ಎಡಗೆನ್ನೆಯ ಗಡ್ಡ ಹಾಗೇ ಬಿಡುತ್ತಾರೆ. ಗಡಿಯಾರ ಬರೆಯಿರಿ ಎಂದಾಗ ಎಲ್ಲ ಅಂಕಿಗಳನ್ನೂ ಬಲಗಡೆಯೇ ಬರೆದರು. 20 ಸೆಂ.ಮೀ. ಗೆರೆಯ ಮಧ್ಯಕ್ಕೆ ಗುರುತು ಹಾಕಿ ಎಂದರೆ ಎಡತುದಿಯಿಂದ 13.5 ಸೆಂ.ಮೀ. ದೂರದಲ್ಲಿ ಹಾಕಿದರು. ಕನ್ನಡಕ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಅಣ್ಣ ಇದು ಹಠ ಎನ್ನುತ್ತಾನೆ, ಚಿಕ್ಕಪ್ಪ ಮರೆವಿನ ಕಾಯಿಲೆ ಶುರುವಾಗಿದೆ ಎನ್ನುತ್ತಾರೆ. ಇದು ಏನು? ಎಲ್ಲವನ್ನೂ ಎಡಗಡೆಯೇ ಇಟ್ಟರೆ ಅಭ್ಯಾಸವಾಗುತ್ತದೆಯೇ? ಮತ್ತೆ ಅಂಗಡಿಯಲ್ಲಿ ಕೂರಬಹುದೇ, ಸ್ಕೂಟರ್ ಓಡಿಸಬಹುದೇ?

ಉತ್ತರ: ಇದಕ್ಕೆ ವೈದ್ಯರು ಹೆಮಿಸ್ಪೇಷಿಯಲ್ ನೆಗ್ಲೆಕ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಎಡಬದಿಯ ಅಲಕ್ಷ್ಯ ಎಂದು ಕರೆಯಬಹುದು. ಆದರೆ ಅಲಕ್ಷ್ಯ ಎಂದೊಡನೆ ನಮಗೆ ಬೇಕೆಂದೇ ಮಾಡುವ ಉದಾಸೀನ ನೆನಪಾಗುತ್ತದೆ, ಮತ್ತು ನಿಮ್ಮ ಅಣ್ಣನವರ ಮಾತಿನ ಹಿಂದೆ ಇರುವುದೂ ಅದೇ ತಪ್ಪು ತಿಳಿವಳಿಕೆ. ನಿಮ್ಮ ತಂದೆಯವರು ಪಲ್ಯವನ್ನು ಕಂಡು ಬಿಡುತ್ತಿಲ್ಲ. ಅವರ ಮಟ್ಟಿಗೆ ಆ ಹೊತ್ತಿನಲ್ಲಿ ತಟ್ಟೆಯ ಎಡಭಾಗ ಎಂಬುದೇ ಇಲ್ಲ, ಮತ್ತು ಅದು ಇಲ್ಲ ಎಂಬ ಕೊರತೆಯೂ ಅವರಿಗೆ ತಟ್ಟುವುದಿಲ್ಲ. ನಮ್ಮ ಬೆನ್ನ ಹಿಂದಿನ ಗೋಡೆ ನಮಗೆ ಕಾಣುವುದಿಲ್ಲ, ಆದರೂ ಅಲ್ಲಿ ಕತ್ತಲೆ ಇದೆ ಎಂದಾಗಲಿ ಏನೋ ಕಳೆದುಹೋಗಿದೆ ಎಂದಾಗಲಿ ಅನಿಸುವುದಿಲ್ಲವಲ್ಲ, ಅವರಿಗೆ ಎಡಬದಿಯ ಸ್ಥಿತಿ ಹೆಚ್ಚುಕಡಿಮೆ ಹಾಗೆ. ಊಟ ಮುಗಿಯಿತು ಎಂದು ಕೈ ತೊಳೆಯಲು ಹೊರಟಾಗ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟು ನೋಡಿ. ಇಂತಹ ಅನೇಕ ರೋಗಿಗಳು ಮತ್ತೆ ಕುಳಿತು, ಅದೇ ಪಲ್ಯವನ್ನು ರುಚಿಯಿಂದ ತಿನ್ನುತ್ತಾರೆ. ಹಠ ಹಿಡಿದವರು ಹಾಗೆ ಮಾಡುವುದಿಲ್ಲ.

ಎಡಬದಿಯೇ ಏಕೆ ಎಂಬುದಕ್ಕೆ ಕಾರಣ ಮೆದುಳಿನ ಕೆಲಸದ ಹಂಚಿಕೆಯಲ್ಲಿದೆ. ನೋಟ, ಸ್ಪರ್ಶ, ಶಬ್ದಗಳಿಂದ ಬರುವ ಸುದ್ದಿಗಳಲ್ಲಿ ಯಾವುದರ ಕಡೆ ಮನಸ್ಸು ಹರಿಯಬೇಕು ಎಂಬುದನ್ನು ನಿರ್ಧರಿಸುವ ಜಾಲದ ಮುಖ್ಯ ಕೊಂಡಿ ಪರೈಟಲ್ ಹಾಲೆಯ ಕೆಳಭಾಗ, ಅದು ಟೆಂಪೊರಲ್ ಹಾಲೆಯನ್ನು ಸೇರುವ ಜಾಗದ ಸುತ್ತಮುತ್ತ. ಎಡ ಮೆದುಳಿನ ಈ ಭಾಗ ಹೆಚ್ಚಾಗಿ ಬಲಬದಿಯನ್ನಷ್ಟೇ ನೋಡಿಕೊಳ್ಳುತ್ತದೆ, ಬಲ ಮೆದುಳಿನದು ಎರಡೂ ಬದಿಗಳನ್ನು ನೋಡಿಕೊಳ್ಳುತ್ತದೆ. ಹಾಗಾಗಿ ಎಡ ಮೆದುಳಿಗೆ ಪೆಟ್ಟಾದರೆ ಬಲಬದಿಯ ಕೆಲಸವನ್ನು ಬಲ ಮೆದುಳು ಬಹುಮಟ್ಟಿಗೆ ತುಂಬಿಕೊಡುತ್ತದೆ, ಆದರೆ ಬಲ ಮೆದುಳಿಗೆ ಪೆಟ್ಟಾದರೆ ಎಡಬದಿಗೆ ದಿಕ್ಕಿಲ್ಲ. ಇದರ ಜೊತೆಗೆ, ಸಾಮಾನ್ಯವಾಗಿ ಎರಡು ಅರೆಗೋಳಗಳೂ ಗಮನವನ್ನು ತಮ್ಮ ಎದುರು ದಿಕ್ಕಿಗೆ ಎಳೆಯುತ್ತ ಒಂದನ್ನೊಂದು ಸರಿದೂಗಿಸುತ್ತಿರುತ್ತವೆ. ಒಂದು ಕಡೆಯ ಹಿಡಿತ ಸಡಿಲವಾದಾಗ ಇನ್ನೊಂದು ಅಡೆತಡೆಯಿಲ್ಲದೆ ಎಳೆಯುತ್ತದೆ. ತಂದೆಯವರು ಮಲಗಿದ್ದಾಗಲೂ ಮುಖ ಬಲಕ್ಕೇ ವಾಲಿರುವುದನ್ನು, ಎಡಗಡೆ ನಿಂತು ಕರೆದರೆ ಬಲಗಡೆ ಹುಡುಕುವುದನ್ನು ನೀವು ಗಮನಿಸಿರಬಹುದು.

ಈಗ ಅವರು ಬರೆದ ಗಡಿಯಾರಕ್ಕೆ ಬರೋಣ, ಏಕೆಂದರೆ ಚಿಕ್ಕಪ್ಪನವರ ಅನುಮಾನಕ್ಕೆ ಉತ್ತರ ಅದರಲ್ಲೇ ಇದೆ. ಇಂತಹ ರೋಗಿಗಳು ವೃತ್ತವನ್ನು ಬಹುಪಾಲು ಸರಿಯಾಗಿಯೇ ಬರೆಯುತ್ತಾರೆ, ಏಕೆಂದರೆ ವೃತ್ತ ಕೈಗೆ ಅಭ್ಯಾಸವಾಗಿರುವ ಒಂದೇ ಸುತ್ತಿನ ಚಲನೆ. ತೊಡಕು ಶುರುವಾಗುವುದು ಅಂಕಿಗಳನ್ನು ಕೂರಿಸುವಾಗ. 12ನ್ನು ಮೇಲೆ ಬರೆದು 1, 2, 3 ಎಂದು ಬಲಕ್ಕೆ ಇಳಿಯುವವರೆಗೆ ಎಲ್ಲವೂ ಸರಿ. 6ರ ನಂತರ 7ಕ್ಕೆ ಜಾಗ ಹುಡುಕಲು ಗಮನ ಎಡಕ್ಕೆ ದಾಟಬೇಕು, ಅದು ದಾಟುವುದಿಲ್ಲ. ಇಲ್ಲಿ ರೋಗಿಗಳು ಎರಡು ದಾರಿ ಹಿಡಿಯುತ್ತಾರೆ. ಕೆಲವರು 6 ಅಥವಾ 7ಕ್ಕೆ ನಿಲ್ಲಿಸಿ, ಪೆನ್ಸಿಲ್ ಕೆಳಗಿಟ್ಟು, ಮುಗಿಯಿತು ಎನ್ನುತ್ತಾರೆ. ಇನ್ನು ಕೆಲವರಲ್ಲಿ ಒಂದರಿಂದ ಹನ್ನೆರಡರವರೆಗಿನ ಎಣಿಕೆ ಬಾಯಿಪಾಠದಂತೆ ಗಟ್ಟಿಯಾಗಿ ಉಳಿದಿರುತ್ತದೆ. ಎಣಿಕೆ ಮುಗಿಯಲೇಬೇಕು, ಆದರೆ ಅವರಿಗೆ ಇರುವ ಜಾಗ ಅರ್ಧವೇ, ಆದ್ದರಿಂದ ಹನ್ನೆರಡು ಅಂಕಿಗಳೂ ಬಲ ಅರ್ಧದೊಳಗೆ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ನಿಮ್ಮ ತಂದೆಯವರದು ಈ ಎರಡನೆಯ ಬಗೆ. ಅಂದರೆ ಗಡಿಯಾರದಲ್ಲಿ ಏನೇನು ಇರಬೇಕು ಎಂಬ ತಿಳಿವಳಿಕೆ ಪೂರ್ತಿ ಇದೆ, ಅದನ್ನು ಹರಡಬೇಕಾದ ಜಾಗ ಮಾತ್ರ ಅರ್ಧವಾಗಿದೆ.

ಮರೆವಿನ ಕಾಯಿಲೆಯಲ್ಲಿ ಕೆಡುವ ಗಡಿಯಾರ ಬೇರೆಯೇ ರೀತಿಯದು. ಅಲ್ಲಿ ಅಂಕಿಗಳ ಕ್ರಮ ತಪ್ಪುತ್ತದೆ, ಕೆಲವು ಎರಡು ಸಲ ಬರುತ್ತವೆ, ಅಂತರ ಎಲ್ಲ ಕಡೆಯೂ ಏರುಪೇರಾಗುತ್ತದೆ, ಆದರೆ ತಪ್ಪು ಒಂದೇ ಬದಿಗೆ ಸೇರಿರುವುದಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದು ನಾವು ಕೇಳುವುದಕ್ಕೂ ಕಾರಣವಿದೆ. 11 ಎಡಭಾಗದಲ್ಲಿದೆ, ಹತ್ತು ನಿಮಿಷವನ್ನು ತೋರಿಸುವ 2 ಬಲಭಾಗದಲ್ಲಿದೆ, ಹಾಗಾಗಿ ಒಂದೇ ಪ್ರಶ್ನೆ ಎರಡೂ ಬದಿಗಳನ್ನು ಕೆಣಕುತ್ತದೆ. ಮರೆವಿನ ಕಾಯಿಲೆಯವರು ‘ಹತ್ತು’ ಎಂಬ ಮಾತಿಗೆ ಅಂಟಿಕೊಂಡು ಒಂದು ಮುಳ್ಳನ್ನು 10ರ ಕಡೆಗೇ ತಿರುಗಿಸುವುದುಂಟು. ಎಡಬದಿ ಕಾಣದವರಿಗೆ 2ರ ಕಡೆಯ ಮುಳ್ಳು ಸುಲಭ, 11ರ ಕಡೆಯದು ಕಷ್ಟ. ಇಷ್ಟಾದರೂ ಗಡಿಯಾರವೊಂದನ್ನೇ ನೆಚ್ಚಿ ರೋಗವನ್ನು ನಿರ್ಧರಿಸುವುದಿಲ್ಲ. ಯೋಜಿಸುವ ಶಕ್ತಿ ಕುಂದಿದರೂ, ಓದುಬರಹ ಕಡಿಮೆಯಿದ್ದರೂ ಗಡಿಯಾರ ಕೆಡುತ್ತದೆ.

ಗೆರೆಯ ಪರೀಕ್ಷೆ ಅದಕ್ಕಿಂತ ಸರಳ, ಮತ್ತು ಅಳತೆಗೆ ಸಿಗುವಂಥದ್ದು. 20 ಸೆಂ.ಮೀ. ಗೆರೆಯ ನಿಜವಾದ ಮಧ್ಯ 10 ಸೆಂ.ಮೀ. ಅವರ ಗುರುತು 13.5ರಲ್ಲಿ ಬಿದ್ದಿದೆ, ಅಂದರೆ ಮೂರೂವರೆ ಸೆಂಟಿಮೀಟರ್ ಬಲಕ್ಕೆ. ಅರ್ಧ ಗೆರೆಯ ಲೆಕ್ಕದಲ್ಲಿ ಇದು ಶೇ. 35ರ ವಾಲಿಕೆ. ಆರೋಗ್ಯವಂತರು ಕೆಲವು ಮಿಲಿಮೀಟರ್ ಆಚೀಚೆ ಹಾಕುತ್ತಾರೆ, ಅದೂ ಸರಾಸರಿಯಲ್ಲಿ ಕೊಂಚ ಎಡಕ್ಕೆ. ಇಲ್ಲಿ ಒಂದು ವಿಷಯವನ್ನು ಗಮನಿಸಿ. ಎಡಭಾಗ ಗೋಡೆ ಕಟ್ಟಿದಂತೆ ಸರಿಯಾಗಿ ಅರ್ಧಕ್ಕೆ ಕಡಿದುಹೋಗಿದ್ದರೆ, ಉಳಿದ ಬಲ ಅರ್ಧದ ಮಧ್ಯಕ್ಕೆ, ಅಂದರೆ 15 ಸೆಂ.ಮೀ.ಗೆ ಗುರುತು ಬೀಳಬೇಕಿತ್ತು. ವಾಸ್ತವದಲ್ಲಿ ಎಡಕ್ಕೆ ಹೋದಷ್ಟೂ ಗಮನ ಇಳಿಜಾರಿನಂತೆ ತೆಳುವಾಗುತ್ತ ಹೋಗುತ್ತದೆ. ಗೆರೆ ಉದ್ದವಾದಷ್ಟೂ ತಪ್ಪು ದೊಡ್ಡದಾಗುತ್ತದೆ, ಗಿಡ್ಡವಾದಷ್ಟೂ ಕಡಿಮೆಯಾಗುತ್ತದೆ, ಎರಡು ಸೆಂ.ಮೀ.ನಷ್ಟು ಪುಟ್ಟ ಗೆರೆಯಲ್ಲಿ ಕೆಲವರ ಗುರುತು ಮಧ್ಯವನ್ನು ದಾಟಿ ಎಡಕ್ಕೂ ಬೀಳುತ್ತದೆ. ಹಾಗಾಗಿ ಗೆರೆಯ ಉದ್ದವನ್ನು ಬರೆಯದೆ ತಪ್ಪನ್ನಷ್ಟೇ ಬರೆದ ವರದಿಯಿಂದ ನನಗೆ ಹೆಚ್ಚು ಪ್ರಯೋಜನವಿಲ್ಲ. ನೀವು ಎರಡನ್ನೂ ಬರೆದದ್ದು ಒಳ್ಳೆಯದಾಯಿತು.

ಕನ್ನಡಕದ ವಿಷಯಕ್ಕೂ ಇದೇ ಗೆರೆ ಬೆಳಕು ಚೆಲ್ಲುತ್ತದೆ. ಪಾರ್ಶ್ವವಾಯುವಿನಲ್ಲಿ ದೃಷ್ಟಿಯ ಎಡ ಅರ್ಧವೇ ಹೋಗುವ ಹೆಮಿಯನೋಪಿಯಾ ಎಂಬ ತೊಂದರೆಯೂ ಉಂಟು, ಮತ್ತು ಇವೆರಡನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ದೃಷ್ಟಿಯಷ್ಟೇ ಹೋದವರಿಗೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಎಡಗಡೆ ಕಾಣುತ್ತಿಲ್ಲ ಎಂಬ ಅರಿವು ಬರುತ್ತದೆ, ಅವರು ತಲೆ ತಿರುಗಿಸಿ ನೋಡಿಕೊಳ್ಳುತ್ತಾರೆ, ಗಡಿಯಾರವನ್ನು ಪೂರ್ತಿ ಬರೆಯುತ್ತಾರೆ. ಗೆರೆಯ ಮಧ್ಯವನ್ನು ಗುರುತಿಸುವಾಗ ಅವರ ಗುರುತು ಕಾಣದ ಬದಿಗೆ, ಅಂದರೆ ಎಡಕ್ಕೆ ವಾಲುತ್ತದೆ. ನಿಮ್ಮ ತಂದೆಯವರದು ಬಲಕ್ಕೆ ವಾಲಿದೆ. ಆದ್ದರಿಂದ ಇದು ಬರೀ ದೃಷ್ಟಿಯ ತೊಂದರೆ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು. ಎರಡೂ ಒಟ್ಟಿಗಿರುವ ಸಾಧ್ಯತೆ ಮಾತ್ರ ಇದ್ದೇ ಇದೆ, ಅದಕ್ಕೆ ದೃಷ್ಟಿಕ್ಷೇತ್ರದ ಪರೀಕ್ಷೆ ಆಗಬೇಕು. ಆ ಪರೀಕ್ಷೆ ಮಾಡುವವರಿಗೆ ಅಲಕ್ಷ್ಯ ಇರುವುದನ್ನು ಮೊದಲೇ ತಿಳಿಸಿ. ಇಲ್ಲವಾದರೆ, ಎಡಗಡೆಯ ಬೆಳಕಿಗೆ ಗಮನ ಹೋಗದೆ ಗುಂಡಿ ಒತ್ತದಿದ್ದುದನ್ನು ಅವರು ಕುರುಡು ಎಂದು ಬರೆದುಕೊಳ್ಳಬಹುದು.

ಇದು ಕಣ್ಣಿನ ವಿಷಯವಲ್ಲ ಎಂಬುದನ್ನು ತೋರಿಸಿದ ಒಂದು ಪ್ರಸಿದ್ಧ ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಇಟಲಿಯ ಮಿಲಾನ್ ನಗರದಲ್ಲಿ ಬಿಸಿಯಾಕ್ ಮತ್ತು ಲುಝಾಟಿ ಎಂಬ ಸಂಶೋಧಕರು ಇಂತಹ ರೋಗಿಗಳಿಗೆ, ಊರಿನ ಮಹಾಚರ್ಚಿನ ಮುಂದಿನ ಚೌಕವನ್ನು ಕಣ್ಣಮುಂದೆ ತಂದುಕೊಂಡು ವರ್ಣಿಸಲು ಹೇಳಿದರು. ಚರ್ಚಿಗೆ ಮುಖಮಾಡಿ ನಿಂತಂತೆ ಊಹಿಸಿಕೊಂಡಾಗ ಅವರು ಬಲಗಡೆಯ ಕಟ್ಟಡಗಳನ್ನು ಹೇಳಿ ಎಡಗಡೆಯವನ್ನು ಬಿಟ್ಟರು. ಚರ್ಚಿಗೆ ಬೆನ್ನುಮಾಡಿ ನಿಂತಂತೆ ಊಹಿಸಿಕೊಳ್ಳಿ ಎಂದಾಗ, ಮೊದಲು ಬಿಟ್ಟ ಕಟ್ಟಡಗಳನ್ನೇ ಹೇಳಿ, ಮೊದಲು ಹೇಳಿದವುಗಳನ್ನು ಬಿಟ್ಟರು. ನೆನಪು ಪೂರ್ತಿ ಇತ್ತು, ನೋಡುವುದಕ್ಕೆ ಎದುರಿಗೆ ಏನೂ ಇರಲಿಲ್ಲ, ಆದರೂ ಎಡಬದಿ ಜಾರಿಹೋಯಿತು. ಎಲ್ಲ ರೋಗಿಗಳಲ್ಲೂ ಮನಸ್ಸಿನ ಚಿತ್ರ ಹೀಗೆ ಅರ್ಧವಾಗುವುದಿಲ್ಲ, ಆದರೆ ಕನ್ನಡಕ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಗೆರೆಯ ಪರೀಕ್ಷೆಯಿಂದಲೇ ಚಿಕಿತ್ಸೆಯ ಸುಳಿವೂ ಸಿಗುತ್ತದೆ. ಗೆರೆಯ ಎಡತುದಿಯಲ್ಲಿ ಒಂದು ಅಕ್ಷರ ಬರೆದು, ಮೊದಲು ಅದನ್ನು ಓದಿ ಆಮೇಲೆ ಮಧ್ಯವನ್ನು ಗುರುತಿಸಿ ಎಂದರೆ ತಪ್ಪು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಎಡಗಡೆ ಬರಿದೇ ಒಂದು ಗುರುತು ಇದ್ದರೆ ಸಾಲದು, ಅದನ್ನು ಓದುವ ಕೆಲಸವೇ ಗಮನವನ್ನು ಅಲ್ಲಿಗೆ ಒಯ್ಯುವುದು. ನಾವು ಕಲಿಸುವ ಎಡದಿಂದ ಹುಡುಕುವ ಅಭ್ಯಾಸದ ತಳಹದಿ ಇದೇ. ಪುಟದ, ಮೇಜಿನ, ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಆ ಪಟ್ಟಿ ಸಿಗುವವರೆಗೆ ಕಣ್ಣು ಮತ್ತು ಕತ್ತು ಎರಡನ್ನೂ ತಿರುಗಿಸಿ, ಸಿಕ್ಕಿತು ಎಂದು ಬಾಯಿಬಿಟ್ಟು ಹೇಳಿ, ಅನಂತರವೇ ಓದಲು ಅಥವಾ ತಿನ್ನಲು ಶುರು ಮಾಡಬೇಕು. ದಿನಪತ್ರಿಕೆ ಓದುವಾಗ ಪ್ರತಿ ಸಾಲಿಗೂ ಹೀಗೆ ಮಾಡಿಸಿ. ಸಾಲಿನ ಆರಂಭವಷ್ಟೇ ಅಲ್ಲ, ಪದದ ಮೊದಲ ಅಕ್ಷರವೂ ಬಿಟ್ಟುಹೋಗುತ್ತದೆ ಅಥವಾ ಬದಲಾಗುತ್ತದೆ. ‘ಬೆಂಗಳೂರು’ ಎಂದು ಅಚ್ಚಾಗಿರುವುದನ್ನು ‘ಮಂಗಳೂರು’ ಎಂದು ಓದಿ ಮುಂದೆ ಹೋದರೆ ಅದು ಇದೇ ಬಗೆಯ ತಪ್ಪು. ಪಟ್ಟಿ ಚೆನ್ನಾಗಿ ರೂಢಿಯಾದ ಮೇಲೆ ಅದನ್ನು ಮೊದಲು ಸಣ್ಣದು ಮಾಡಿ, ನಂತರ ತೆಗೆಯುತ್ತೇವೆ. ಇದರ ಮಿತಿಯನ್ನೂ ಹೇಳಬೇಕು: ಪುಟದ ಮೇಲೆ ಕಲಿತದ್ದು ತಾನಾಗಿ ಬಾಗಿಲು ದಾಟುವಾಗ, ಬಸ್ ನಿಲ್ದಾಣದಲ್ಲಿ ನಡೆಯುವಾಗ ಬರುವುದಿಲ್ಲ. ಪ್ರತಿಯೊಂದು ಕೆಲಸದಲ್ಲೂ ಬೇರೆಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ಎಡಗೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದಿರುವುದರಿಂದ ಇನ್ನೊಂದು ವಿಧಾನವನ್ನೂ ಸೇರಿಸಬಹುದು. ಓದುವಾಗ, ಊಟಕ್ಕೆ ಕುಳಿತಾಗ, ಎಡಗೈಯನ್ನು ದೇಹದ ಎಡಬದಿಯಲ್ಲೇ ಇಟ್ಟು ಬೆರಳುಗಳನ್ನು ಆಗಾಗ ಮಡಚಿ ಬಿಚ್ಚಲಿ. ತಮ್ಮದೇ ಪ್ರಯತ್ನದಿಂದ ನಡೆಯುವ ಆ ಪುಟ್ಟ ಚಲನೆ ಎಡದ ಕಡೆಗಿನ ಗಮನವನ್ನು ಎಚ್ಚರಿಸುತ್ತದೆ. ಎರಡೂ ಕೈಗಳನ್ನು ಒಟ್ಟಿಗೆ ಆಡಿಸಿದರೆ ಈ ಲಾಭ ಹೋಗುತ್ತದೆ, ಆದ್ದರಿಂದ ಎಡಗೈ ಒಂದೇ ಆಡಲಿ. ಪ್ರಿಸಂ ಕನ್ನಡಕದ ಬಗ್ಗೆಯೂ ನೀವು ಕೇಳಿರಬಹುದು. ದೃಶ್ಯವನ್ನು ಸುಮಾರು 10 ಡಿಗ್ರಿಯಷ್ಟು ಬಲಕ್ಕೆ ಸರಿಸುವ ಗಾಜು ಹಾಕಿಸಿ, ಎದುರಿನ ಗುರಿಗಳನ್ನು ಬೆರಳಿನಿಂದ ಹತ್ತಾರು ಸಲ ಮುಟ್ಟಿಸುತ್ತಾರೆ. ಮೊದಮೊದಲು ಬೆರಳು ಬಲಕ್ಕೆ ತಪ್ಪಿಹೋಗುತ್ತದೆ, ಮೆದುಳು ಅದನ್ನು ತಿದ್ದಿಕೊಳ್ಳುತ್ತದೆ, ಕನ್ನಡಕ ತೆಗೆದ ಮೇಲೆ ಕೈ ಕೆಲಕಾಲ ಎಡಕ್ಕೆ ವಾಲುತ್ತದೆ. 1998ರಲ್ಲಿ ಫ್ರಾನ್ಸಿನಲ್ಲಿ ರೊಸೆಟ್ಟಿ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ನಮಗೆಲ್ಲ ದೊಡ್ಡ ಭರವಸೆ ಮೂಡಿತ್ತು. ಅನಂತರದ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ತೆರನಾಗಿಲ್ಲ. ಗೆರೆ, ಗಡಿಯಾರಗಳು ಸುಧಾರಿಸಿದರೂ ದಿನನಿತ್ಯದ ಕೆಲಸಗಳಲ್ಲಿ ಸುಧಾರಣೆ ಕಾಣದವರೂ ಇದ್ದಾರೆ. ಅಪಾಯ ಹೆಚ್ಚಿಲ್ಲದ ವಿಧಾನ ಇದು, ತಿಳಿದವರ ಕೈಯಲ್ಲಿ ಪ್ರಯತ್ನಿಸಬಹುದು, ಆದರೆ ಇದಕ್ಕಾಗಿ ಸಾಲ ಮಾಡಬೇಡಿ. ಇದನ್ನು ಖಚಿತವಾಗಿ ಗುಣಪಡಿಸುವ ಮಾತ್ರೆ ಯಾವುದೂ ಇಲ್ಲ.

ಎಲ್ಲವನ್ನೂ ಎಡಗಡೆ ಇಡುವ ಯೋಚನೆ ಅರ್ಧ ಸರಿ, ಅರ್ಧ ಅಪಾಯಕಾರಿ. ಅಭ್ಯಾಸದ ಹೊತ್ತಿನಲ್ಲಿ, ಪಕ್ಕದಲ್ಲಿ ಯಾರಾದರೂ ಕುಳಿತಿರುವಾಗ, ಎಡದಿಂದ ಮಾತಾಡಿಸಿ, ಹಣ್ಣನ್ನು ಎಡಗಡೆಯಿಂದ ಕೊಡಿ, ಟಿ.ವಿ.ಯನ್ನು ಕೊಂಚ ಎಡಕ್ಕೆ ಸರಿಸಿ. ಅವರು ಒಬ್ಬರೇ ಇರುವ ಹೊತ್ತಿನಲ್ಲಿ ಮಾತ್ರ ಕುಡಿಯುವ ನೀರು, ಫೋನ್, ಕರೆಗಂಟೆ, ರಾತ್ರಿಯ ಮಾತ್ರೆಗಳು ಬಲಗಡೆಯೇ ಇರಬೇಕು. ಎಡಗಡೆ ಇಟ್ಟ ನೀರು ಕಾಣದೆ ಬಾಯಾರಿ ಮಲಗಿದ್ದವರನ್ನು, ಕಾಣದ ಬಿಸಿ ಕಾಫಿಗೆ ಎಡಗೈ ತಾಗಿ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಎಡಗೈಯ ಕಾಳಜಿಯನ್ನು ಸದ್ಯಕ್ಕೆ ಮನೆಯವರೇ ವಹಿಸಿಕೊಳ್ಳಬೇಕು: ಅದು ಮೈಯಡಿಗೆ ಸಿಕ್ಕಿಕೊಳ್ಳದಂತೆ, ಗಾಲಿಕುರ್ಚಿಯ ಚಕ್ರಕ್ಕೆ ಜಾರದಂತೆ ನೋಡಿಕೊಳ್ಳಿ, ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಇನ್ನೊಂದು ಮಾತು: ವಸ್ತು ಬಲಗಡೆ ಇದ್ದ ಮಾತ್ರಕ್ಕೆ ಪೂರ್ತಿ ಕಾಣುತ್ತದೆ ಎಂದಲ್ಲ. ಎರಡು ಹೂಗಳ ಚಿತ್ರವನ್ನು ನೋಡಿ ಬರೆಯಿರಿ ಎಂದರೆ, ಕೆಲವರು ಎರಡನ್ನೂ ಬರೆದು, ಪ್ರತಿ ಹೂವಿನ ಎಡ ಎಸಳುಗಳನ್ನು ಮಾತ್ರ ಬಿಡುತ್ತಾರೆ. ಬಲಗೈ ಪಕ್ಕದ ಮಾತ್ರೆ ಡಬ್ಬಿಯಲ್ಲೂ ಎಡಗಡೆಯ ಖಾನೆ ಹಾಗೇ ಉಳಿಯಬಹುದು.

ಗಡಿಯಾರವನ್ನೂ ಗೆರೆಯನ್ನೂ ಮನೆಯಲ್ಲಿ ಪದೇಪದೇ ಬರೆಸಬೇಡಿ. ರೂಢಿಯಾದರೆ ಚಿತ್ರ ಸುಧಾರಿಸುತ್ತದೆ, ರೋಗ ಸುಧಾರಿಸಿದಂತೆ ಕಾಣುತ್ತದೆ ಅಷ್ಟೆ. ಕಾಗದದ ಮೇಲೆ ಎಲ್ಲ ಸರಿಯಿದ್ದು ಬಾಗಿಲಿನ ಎಡ ಚೌಕಟ್ಟಿಗೆ ದಿನವೂ ಭುಜ ತಾಗಿಸಿಕೊಳ್ಳುವವರು ಬಹಳ ಮಂದಿ. ಅದಕ್ಕಾಗಿಯೇ ಕ್ಯಾಥರಿನ್ ಬೆರ್ಜೆಗೊ ಮಾಪಕ ಎಂಬುದೊಂದಿದೆ. ಎಡಗೆನ್ನೆ ಬೋಳಿಸುವುದು, ಎಡ ತೋಳಿಗೆ ಅಂಗಿ ಹಾಕುವುದು, ತಟ್ಟೆಯ ಎಡಭಾಗ ತಿನ್ನುವುದು, ಎಡಗಡೆಯ ಅಡ್ಡಿಗೆ ಡಿಕ್ಕಿ ಹೊಡೆಯುವುದು ಮುಂತಾದ ಹತ್ತು ಸಂಗತಿಗಳಿಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ, ಒಟ್ಟು 30. ಅದೇ ಪ್ರಶ್ನೆಗಳನ್ನು ರೋಗಿಗೂ ಕೇಳುತ್ತಾರೆ. ನೋಡಿದವರು 18 ಕೊಟ್ಟು ರೋಗಿ ತನಗೆ 3 ಕೊಟ್ಟುಕೊಂಡರೆ, ಆ 15ರ ಅಂತರ ಅವರಿಗೆ ತಮ್ಮ ತೊಂದರೆಯ ಅರಿವು ಎಷ್ಟು ಕಡಿಮೆ ಎಂಬುದನ್ನು ಹೇಳುತ್ತದೆ. ಚಿಕಿತ್ಸೆಗೆ ದೊಡ್ಡ ತೊಡಕು ಈ ಅರಿವಿನ ಕೊರತೆಯೇ. ‘ಎಡಗಡೆ ನೋಡಿ’ ಎಂದು ನೂರು ಸಲ ಹೇಳುವುದಕ್ಕಿಂತ, ಊಟ ಮುಗಿಯಿತು ಎಂದಾಗ ತಟ್ಟೆ ತಿರುಗಿಸಿ, ಅವರೇ ಕಂಡುಕೊಳ್ಳುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಸ್ಕೂಟರ್ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟ: ಈಗ ಬೇಡ, ಗೆರೆ ಗಡಿಯಾರಗಳು ಸರಿಯಾದವು ಎಂಬ ಕಾರಣಕ್ಕೂ ಬೇಡ. ಒಂದೇ ವಸ್ತು ಎಡಗಡೆ ಇದ್ದಾಗ ಗುರುತಿಸುವ ರೋಗಿ, ಅದೇ ಹೊತ್ತಿಗೆ ಬಲಗಡೆ ಇನ್ನೊಂದು ಬಂದರೆ ಎಡದ್ದನ್ನು ಕಳೆದುಕೊಳ್ಳುತ್ತಾರೆ. ಶಾಂತವಾದ ಕೋಣೆಯಲ್ಲಿ ಕಾಣದ ಈ ಕೊರತೆ ರಸ್ತೆಯಲ್ಲಿ ಪ್ರತಿ ಕ್ಷಣವೂ ಎದುರಾಗುತ್ತದೆ. ನರರೋಗ ತಜ್ಞರು ಈ ಎರಡು ಬದಿಯ ಪರೀಕ್ಷೆಯನ್ನೂ ಮಾಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಕೀಲಿಕೈ ನಿಮ್ಮ ಬಳಿಯೇ ಇರಲಿ.

ಅಂಗಡಿಯ ವಿಷಯ ಹಾಗಲ್ಲ. ದಿನಕ್ಕೆ ಒಂದು ಗಂಟೆ, ಜನ ಕಡಿಮೆಯಿರುವ ಹೊತ್ತಿನಲ್ಲಿ, ಗೋಡೆ ಅವರ ಬಲಕ್ಕೂ ಗಿರಾಕಿಗಳು ಕೊಂಚ ಎಡಕ್ಕೂ ಬರುವಂತೆ ಕೂರಿಸಿ, ಜೊತೆಗೆ ಒಬ್ಬರು ಇರಲಿ. ಹಣದ ಲೆಕ್ಕ ಮಾತ್ರ ಎರಡನೆಯವರು ನೋಡಬೇಕು. ಅವರ ಬಾಯಿಲೆಕ್ಕ ತಪ್ಪುವುದಿಲ್ಲ, ಬರೆದ ಸಂಖ್ಯೆಯ ಎಡ ಅಂಕಿ ತಪ್ಪುತ್ತದೆ: 1250 ಎಂದಿರುವುದು 250 ಎಂದು ಕಾಣುತ್ತದೆ, ಮತ್ತು ಆ 250ರ ಮೇಲೆ ಅವರು ಮಾಡುವ ಲೆಕ್ಕ ಪೂರ್ತಿ ಸರಿಯಾಗಿರುತ್ತದೆ. ಹೀಗಾಗಿ ತಪ್ಪು ಎಲ್ಲಿ ನುಸುಳಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಪ್ರತಿ ಮೊತ್ತದ ಎಡಕ್ಕೆ ಕೆಂಪು ಗೆರೆಯೊಂದನ್ನು ಎಳೆದಿಡಿ, ಗೆರೆ ಕಂಡ ಮೇಲೆ ಸಂಖ್ಯೆಯನ್ನು ಜೋರಾಗಿ ಓದಲಿ.

ಏಳು ವಾರ ಎಂದರೆ ಸುಧಾರಣೆಯ ವೇಗ ಇನ್ನೂ ಉಳಿದಿರುವ ಕಾಲ. ಹೆಚ್ಚಿನ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ, ಅನಂತರವೂ ನಿಧಾನವಾಗಿ ಮುಂದುವರಿಯುತ್ತದೆ, ಕೆಲವರಲ್ಲಿ ವರ್ಷ ಕಳೆದರೂ ದಣಿದಾಗ, ಗದ್ದಲದಲ್ಲಿ ಮತ್ತೆ ತಲೆದೋರುತ್ತದೆ. ಆದ್ದರಿಂದ ದಿನನಿತ್ಯದ ಕೆಲಸಗಳನ್ನು ಮತ್ತೆ ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ಈ ವಾರವೇ ಹುಡುಕಿ. ಬೆಂಗಳೂರಿಗೆ ಬರಲು ಅನುಕೂಲವಿದ್ದರೆ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ. ಹೋಗುವಾಗ ಎಂ.ಆರ್.ಐ. ವರದಿಯ ಜೊತೆಗೆ ಆ ಮೊದಲ ಗಡಿಯಾರದ ಹಾಳೆ ಮತ್ತು ಗೆರೆಯ ಹಾಳೆಗಳನ್ನು ದಿನಾಂಕ ಬರೆದು ತೆಗೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ಎಡಬದಿಯ ದೌರ್ಬಲ್ಯ ಹೆಚ್ಚಾದರೆ, ಮಾತು ತೊದಲಿದರೆ, ಮಂಪರು ಕವಿದರೆ ಅದನ್ನು ಅಲಕ್ಷ್ಯದ ಏರಿಳಿತ ಎಂದುಕೊಳ್ಳದೆ, ಹೊಸ ಪಾರ್ಶ್ವವಾಯು ಇರಬಹುದೆಂದು ತಕ್ಷಣ 108ಕ್ಕೆ ಕರೆ ಮಾಡಿ.